ಕಾಲುಚೀಲದ ಚನಿಯ

ಚನಿಯನನ್ನು ದಿಲ್ಲಿಯ ಕರೋಲ್ ಬಾಗಿನ ಜನ ಸೊಂಟದಿಂದ ಮೇಲಕ್ಕೆ ಮಾತ್ರ ಬಲ್ಲರು. ಅನಂತರಾಮ ರಾಯರ ಹೋಟೆಲಿನಲ್ಲಿ ದೋಸೆ ಹಾಕುವ ಜಾಗ ರಸ್ತೆಗೆ ಕಾಣುವಂತೆ ಗಾಜಿನ ಹಿಂದಿದೆ, ಗಾಜಿನ ಕೆಳಗೆ ಅರ್ಧ ಗೋಡೆ. ಗೋಡೆಯ ಮೇಲಿನ ಚನಿಯ ನೋಡಲು ಬಲು ಚೆಂದ. ಕಾವಲಿಗೆ ನೀರು ಚಿಮುಕಿಸಿ, ಹಿಡಿಸೂಡಿಯಿಂದ ಒರೆಸಿ, ಹಿಟ್ಟು ಸುರಿದು ಬಟ್ಟಲಿನ ತಳದಿಂದ ಅವನು ಸುತ್ತು ಬಿಡಿಸುವುದನ್ನು ನೋಡಲು ಮೆಟ್ರೋ ಇಳಿದು ಬಟ್ಟೆ ಅಂಗಡಿಗೆ ಹೊರಟ ಹೆಂಗಸರು ಸಹ ಒಂದು ಗಳಿಗೆ ನಿಲ್ಲುತ್ತಿದ್ದರು. ಗೋಡೆಯ ಕೆಳಗಿನ ಚನಿಯನ ವಿಷಯ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಾದಾಗ ಗೊತ್ತಾಗಿ ಪ್ರಯೋಜನವಿರಲಿಲ್ಲ.

ಅವನು ಸುಳ್ಯದ ಕಡೆಯವನು. ಮೀಸೆ ಮೂಡುವ ವಯಸ್ಸಿಗೆ ದಿಲ್ಲಿಗೆ ಬಂದು ರಾಯರ ಹೋಟೆಲಿನ ಹಿಂಭಾಗದಲ್ಲಿ ಪಾತ್ರೆ ತೊಳೆಯಲು ಕೂತ. ಅಲ್ಲಿಂದ ಕಾವಲಿಯ ಮುಂದೆ ಬರಲು ಅರ್ಧ ಆಯಸ್ಸು ಹಿಡಿಯಿತು. ಅವನ ನಂತರ ಬಂದವರು, ಅವನಿಗಿಂತ ಕೈ ಸಾಗದವರು, ಮುಂದೆ ಹೋದರು. ಏಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೆಸರು ಕೇಳಿದರೆ ಜಾತಿ ತಿಳಿಯುವ ಊರಿನವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಕೊನೆಗೆ ಒಂದು ಹಬ್ಬದ ಸೀಸನ್ನಿನಲ್ಲಿ ಇಬ್ಬರು ಮಾಸ್ಟರುಗಳು ಒಟ್ಟಿಗೆ ಕೈಕೊಟ್ಟಾಗ ರಾಯರು ಬೇರೆ ದಾರಿ ಕಾಣದೆ ಚನಿಯನನ್ನು ಕರೆದರು. ಆವತ್ತು ನಿಂತವನು ಆಮೇಲೆ ಆ ಜಾಗ ಬಿಡಲಿಲ್ಲ. ರಜೆ ಹಾಕಿದರೆ ಇನ್ನೊಬ್ಬ ಬಂದು ನಿಲ್ಲುತ್ತಾನೆ ಎಂಬುದು ಅವನಿಗೆ ಸದಾ ಇದ್ದ ಭಯ. ಊರಿನಿಂದ ತಂಗಿಯ ಮದುವೆಯ ಕಾಗದ ಬಂದಾಗಲೂ ಹಣ ಕಳಿಸಿದನೇ ಹೊರತು ತಾನು ಹೋಗಲಿಲ್ಲ. ಶುಗರ್ ಇದೆ ಎಂದು ತಿಳಿದ ಮೇಲೂ ಮಾತ್ರೆ ನುಂಗುತ್ತಾ, ಆಗಾಗ ಮರೆಯುತ್ತಾ ನಿಂತೇ ಇದ್ದ.

ನಾನು ಓಖ್ಲಾದ ಒಂದು ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಸೋಪು, ಬಿಸ್ಕತ್ತಿನದಲ್ಲ, ಆರೋಗ್ಯದ ಜಾಹೀರಾತು. ಸೊಳ್ಳೆ, ಕ್ಷಯ, ತಂಬಾಕು, ಇಂಥವು. ಪೋಸ್ಟರ್ ಅಚ್ಚಿಗೆ ಹೋಗುವ ಮೊದಲು ಅದನ್ನು ನಾಲ್ಕು ಜನರ ಮುಂದೆ ಹಿಡಿದು, ಆಮೇಲೆ ಮಡಚಿಟ್ಟು, ಏನು ಕಂಡಿರಿ, ನಿಮ್ಮಂಥವರಿಗೂ ಇದು ಆದೀತೇ, ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತೀರಿ ಎಂದು ಕೇಳುವುದು ನನ್ನ ಕೆಲಸ. ಮೊದಲ ಎರಡು ಪ್ರಶ್ನೆಗೆ ಜನ ಹಿಗ್ಗಿ ಉತ್ತರಿಸುತ್ತಾರೆ. ಪೋಸ್ಟರಿನ ಹಣೆಬರಹ ಇರುವುದು ಮೂರನೆಯದರಲ್ಲಿ. ಆಫೀಸಿನಲ್ಲಿ ಇದನ್ನು ನಂಬುವವರು ಕಡಿಮೆ, ಅದಕ್ಕೇ ನನಗೆ ಸಿಟ್ಟುಬುರುಕಿ ಎಂಬ ಹೆಸರು.

ಆ ವರ್ಷ ಒಂದು ದೊಡ್ಡ ಟ್ರಸ್ಟ್ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವವರ ಬಗ್ಗೆ ಪೋಸ್ಟರ್ ಮಾಡಿಸಲು ಬಂತು. ಮಾಡಿದವನು ನಮ್ಮ ಹೃಷಿಕೇಶ್. ಹುಟ್ಟಿದ್ದು ಹುಬ್ಬಳ್ಳಿ, ಬೆಳೆದದ್ದು ದಿಲ್ಲಿ, ಕಂಪನಿಯ ಚಿತ್ರ, ಮಾತು ಎಲ್ಲ ಅವನದೇ. ಮೊಣಕಾಲಿನ ಕೆಳಗೆ ಕತ್ತರಿಸಿದ ಕಾಲು, ಹೊಲಿಗೆ ಸಹಿತ, ಅದರ ಪಕ್ಕ ಒಂಟಿ ಚಪ್ಪಲಿ. ಮೇಲೆ ಕೆಂಪಕ್ಷರದಲ್ಲಿ ‘ಆಜ್ ಉಂಗಲೀ, ಕಲ್ ಟಾಂಗ್’. ಇವತ್ತು ಬೆರಳು, ನಾಳೆ ಕಾಲು. ಕೆಳಗೆ ಚಿಕ್ಕದಾಗಿ ‘ಸಾವಧಾನ್ ರಹಿಯೇ’, ಅದರ ಕೆಳಗೆ ಟ್ರಸ್ಟಿನ ಲಾಂಛನ. ಎಚ್ಚರವಾಗಿರಿ ಎಂದರೆ ಏನು ಮಾಡಬೇಕು, ಕಣ್ಣು ತೆರೆದುಕೊಂಡು ಮಲಗಬೇಕೇ?

ನಾನು ಅದನ್ನು ಸುತ್ತಿಕೊಂಡು ರಾಯರ ಹೋಟೆಲಿಗೆ ಹೋದೆ. ಭಾನುವಾರಗಳಲ್ಲಿ ಊಟಕ್ಕೆ ಹೋಗಿ ಹೋಗಿ ಅಲ್ಲಿನವರು ಪರಿಚಯವಾಗಿದ್ದರು. ಮಧ್ಯಾಹ್ನ ಊಟದ ಗದ್ದಲ ಮುಗಿದು ಕಾವಲಿ ಆರಿಸಿದ ಹೊತ್ತು. ಅಡುಗೆಮನೆಯ ಜನ ಮೇಜಿನ ಸುತ್ತ ಕೂತರು. ಪೋಸ್ಟರ್ ಬಿಚ್ಚಿದ ಕೂಡಲೇ ಒಬ್ಬ ಮುಖ ತಿರುಗಿಸಿದ. ಚಟ್ನಿ ರುಬ್ಬುವ ರೋಹಿತ್ ಜೋರಾಗಿ ನಕ್ಕ.

“ಇದು ಕಂಪ್ಯೂಟರಲ್ಲಿ ಮಾಡಿದ್ದು ಅಲ್ವಾ ಅಕ್ಕ? ನಮಗೆಲ್ಲ ಇದು ಬರೂದಿಲ್ಲ. ದಿನಾ ಬೆಣ್ಣೆ ತಿನ್ನುವವರಿಗೆ ಬರೂದು” ಅಂದ.

ಚನಿಯ ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಬಹಳ ಹೊತ್ತು ನೋಡಿದ. ಅವನ ಕಾಲುಗಳು ಮೇಜಿನ ಅಡಿಯಲ್ಲಿದ್ದವು.

ನಾಳೆ ಬೆಳಿಗ್ಗೆ ಏನು ಮಾಡುತ್ತೀಯಾ ಎಂದು ಅವನನ್ನೇ ಕೇಳಿದೆ.

“ನಾಳೆ ಬೆಳಿಗ್ಗೆಯಾ? ನಾಳೆ ಬೆಳಿಗ್ಗೆ ಇಡ್ಲಿ ಇಡ್ಬೇಕು ಅಕ್ಕ” ಅಂದ.

ಎಲ್ಲರೂ ನಕ್ಕರು. ನಾನು ಆ ಮಾತನ್ನು ಹಾಗೆಯೇ ಬರೆದುಕೊಂಡೆ. ಎದ್ದು ಬರುವ ಮೊದಲು, ಶುಗರ್ ಇದ್ದವರು ದಿನಾ ಪಾದ ನೋಡಿಕೊಳ್ಳಿ, ಚಿಕ್ಕ ಗಾಯವಿದ್ದರೂ ಆಸ್ಪತ್ರೆಯಲ್ಲಿ ತೋರಿಸಿ ಎಂದು ಹೇಳಿದೆ. ಯಾವ ಆಸ್ಪತ್ರೆ ಎಂದು ರೋಹಿತ್ ಕೇಳಿದ. ಸರ್ಕಾರಿ ದೊಡ್ಡಾಸ್ಪತ್ರೆ ಎಂದೆ.

“ಅಲ್ಲಿ ಚೀಟಿಗೆ ಬೆಳಕು ಹರಿಯುವ ಮೊದಲು ಲೈನಲ್ಲಿ ನಿಲ್ಬೇಕು. ಆ ಹೊತ್ತಿಗೆ ಇಲ್ಲಿ ಹಿಟ್ಟಿನ ಮುಂದೆ ಯಾರು ನಿಲ್ಲೂದು?” ಅಂದ ಅವನು. ಚನಿಯ ಎದ್ದು ಒಳಗೆ ಹೋದ.

ನಾನು ಓಖ್ಲಾಕ್ಕೆ ಬಂದು ಜಗಳ ಆಡಿದೆ. ಹೃಷಿಕೇಶ್ ನನ್ನ ವರದಿಯ ಅಂಕಿಗಳನ್ನು ನೋಡಿ ಖುಷಿಯಾಗಿದ್ದ. ಕಂಡವರೆಲ್ಲ ನೆನಪಿಟ್ಟಿದ್ದಾರೆ, ಕಂಡವರೆಲ್ಲ ಹೆದರಿದ್ದಾರೆ.

“ಅಚ್ಛಾ ವೈಜಯಂತಿ, ಎಲ್ಲಾರೂ ಹೆದರ್ಯಾರ ಹೌದಿಲ್ಲೋ? ನಮಗ ಬೇಕಾದ್ದು ಅದೇ” ಅಂದ.

“ಹೆದರಿ ಎಲ್ಲಿಗೆ ಹೋಗಬೇಕು ಅಂತ ಇಲ್ಲವಲ್ಲ. ಮೂರನೇ ಪ್ರಶ್ನೆಗೆ ಒಬ್ಬರೂ ಉತ್ತರ ಕೊಟ್ಟಿಲ್ಲ.”

“ಆಸ್ಪತ್ರೆಗೆ ಹೋಗತಾರ. ಕಾಮನ್ ಸೆನ್ಸ್. ಇಡ್ಲಿ ಇಡಬೇಕು ಅಂದವನು ಬಾಳ ಮಜಾ ಇದ್ದಾನ, ಅಂವನ್ನ ಪ್ರೆಸೆಂಟೇಶನ್‌ನ್ಯಾಗ ಹಾಕೋಣ.”

ಹೆದರಿಸುವುದೇ ತಪ್ಪು ಎನ್ನುವವಳಲ್ಲ ನಾನು. ಹೆದರಿಕೆ ಕೆಲಸ ಮಾಡುತ್ತದೆ, ಆದರೆ ಅದರ ಜೊತೆಯಲ್ಲೇ ಬಾಗಿಲು ತೋರಿಸಬೇಕು. ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿ ಬಾಗಿಲು ಯಾವ ಕಡೆ ಎಂದು ಹೇಳದಿದ್ದರೆ ಜನ ಮಂಚದಡಿ ಸೇರುತ್ತಾರೆ. ಹೆದರಿದ ಮನುಷ್ಯನಿಗೆ ಎರಡು ಕೆಲಸಗಳಿರುತ್ತವೆ. ಅಪಾಯವನ್ನು ದೂರ ಮಾಡಬಹುದು, ಇಲ್ಲವೇ ಹೆದರಿಕೆಯನ್ನು ದೂರ ಮಾಡಬಹುದು. ಹೀಗೆ ಮಾಡಿದರೆ ಗುಣವಾಗುತ್ತದೆ, ಮತ್ತು ಇದು ನನ್ನ ಕೈಯಲ್ಲಿ ಆಗುವ ಕೆಲಸ, ಈ ಎರಡೂ ನಂಬಿಕೆ ಹುಟ್ಟಿದರೆ ಅವನು ಅಪಾಯವನ್ನು ದೂರ ಮಾಡಲು ಹೋಗುತ್ತಾನೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಹೆದರಿಕೆಯನ್ನಷ್ಟೇ ದೂರ ಮಾಡಲು ಹೋಗುತ್ತಾನೆ. ಮುಖ ತಿರುಗಿಸುತ್ತಾನೆ, ಸುಳ್ಳು ಎನ್ನುತ್ತಾನೆ, ನಮಗೆ ಬರುವುದಿಲ್ಲ ಎಂದು ನಗುತ್ತಾನೆ. ಹೆದರಿಸಿದಷ್ಟೂ ಹೆಚ್ಚು ನಗುತ್ತಾನೆ.

ಇದನ್ನೆಲ್ಲ ಹೇಳಿ, ಪೋಸ್ಟರಿನ ಕೆಳಗಿನ ಮೂರನೇ ಒಂದು ಭಾಗ ನನಗೆ ಕೊಡಿ ಎಂದೆ. ಅದರಲ್ಲಿ ಮೂರೇ ಮಾತು. ಗಾಯ ಚಿಕ್ಕದಿರುವಾಗ ಬಂದರೆ ಹೆಚ್ಚಿನವರ ಕಾಲು ಉಳಿಯುತ್ತದೆ. ಅಲ್ಲಿ ಕಾಲು ಕತ್ತರಿಸುವುದಿಲ್ಲ, ತೊಳೆದು ಪಟ್ಟಿ ಕಟ್ಟುತ್ತಾರೆ. ಇಂಥ ಜಾಗ, ಇಂಥ ಹೊತ್ತು. ಟ್ರಸ್ಟಿನಿಂದ ಬಂದಿದ್ದ ಮೇಡಂ ಹತ್ತಿರ ಯಾವ ಜಾಗ ಎಂದು ಹಾಕೋಣ ಎಂದು ಕೇಳಿದೆ. ಚಿಕಿತ್ಸೆಯ ವಿಷಯ ಬೇರೆ ವಿಭಾಗದ್ದು, ನಮ್ಮದು ಜಾಗೃತಿ ಮಾತ್ರ ಎಂದು ಅವರು ಹೇಳಿದರು. ವಿಳಾಸ ಬರೆದರೆ ಪೋಸ್ಟರ್ ದವಾಖಾನೆಯ ಬೋರ್ಡ್ ಆಗುತ್ತದೆ ಎಂದು ಹೃಷಿಕೇಶ್ ಹೇಳಿದ. ಮೂರು ವಾರ ಕೇಳಿದೆ, ಪತ್ರ ಬರೆದೆ, ಕೂಗಾಡಿದೆ. ಪೋಸ್ಟರ್ ಇದ್ದ ಹಾಗೆಯೇ ಅಚ್ಚಾಯಿತು. ಮುಂದೆ ಅದಕ್ಕೆ ಬಹುಮಾನವೂ ಬಂತು.

ಇನ್ನು ಮುಂದಿನದನ್ನು ನನಗೆ ರೋಹಿತ್ ಮತ್ತು ಚನಿಯನ ಹೆಂಡತಿ ನೀಲಾವತಿ ಆಮೇಲೆ ಹೇಳಿದರು.

ಅನಂತರಾಮ ರಾಯರು ಕೆಟ್ಟವರಲ್ಲ. ಪೋಸ್ಟರ್ ಹಂಚಲು ಬಂದವರಿಂದ ಒಂದನ್ನು ಇಸಕೊಂಡು, ಜನರಿಗೆ ಉಪಕಾರವಾಗಲಿ ಎಂದು ಕೈ ತೊಳೆಯುವ ತೊಟ್ಟಿಯ ಮೇಲೆ ಅಂಟಿಸಿದರು. ಊಟ ಸೇರುವುದಿಲ್ಲ ಎಂದು ಗಿರಾಕಿಗಳು ಗಲಾಟೆ ಮಾಡಿದ ಮೇಲೆ ಕಿತ್ತು, ಕೆಲಸದವರು ಅಂಗಿ ಬದಲಿಸುವ ಓಣಿಯಲ್ಲಿ ಹಾಕಿಸಿದರು. ಚನಿಯ ಪ್ರತಿ ಬೆಳಿಗ್ಗೆ ಅಂಗಿ ತೂಗುಹಾಕುವ ಮೊಳೆಯ ಎದುರಿಗೇ. ಎರಡು ದಿನ ಹಾಗೇ ಇತ್ತು. ಮೂರನೆಯ ದಿನ ಚನಿಯ ಊರಿನ ದೇವಸ್ಥಾನದ ಕ್ಯಾಲೆಂಡರ್ ತಂದು ಅದರ ಮೇಲೆ ನೇತುಹಾಕಿದ. ಯಾರೂ ಬೇಡ ಎನ್ನಲಿಲ್ಲ. ಎಲ್ಲರಿಗೂ ಅದೇ ಬೇಕಿತ್ತು.

ಅದೇ ವಾರ ಅವನು ಕಾಲುಚೀಲ ಹಾಕಿಕೊಳ್ಳಲು ಶುರುಮಾಡಿದ್ದು. ಜೂನ್ ತಿಂಗಳು, ಕಾವಲಿಯ ಎದುರು, ಹವಾಯಿ ಚಪ್ಪಲಿಯೊಳಗೆ ಕಪ್ಪು ಕಾಲುಚೀಲ. ಆ ಅಡುಗೆಮನೆಯ ನೆಲ ಸದಾ ಒದ್ದೆ. ಅಲ್ಲಿ ಎಲ್ಲರೂ ಪಂಚೆ ಮೇಲೆ ಕಟ್ಟಿ ಬರಿಗಾಲಲ್ಲೋ ಚಪ್ಪಲಿಯಲ್ಲೋ ಓಡಾಡುವವರು. ಕಾಲುಚೀಲದ ಚನಿಯ ಎಂದು ಹೆಸರಿಟ್ಟರು. ‘ಆಫೀಸರ್ ಬಂದ್ರು’ ಎಂದು ರೋಹಿತ್ ದಿನಾ ಎದ್ದು ನಿಲ್ಲುತ್ತಿದ್ದ. ಚನಿಯ ನಕ್ಕು ಕಾವಲಿಯ ಕಡೆ ಹೋಗುತ್ತಿದ್ದ. ಗಾಜಿನ ಈಚೆ ಕೂತು ದೋಸೆ ತಿನ್ನುವ ನಮಗೆ ಇದಾವುದೂ ಕಾಣುವಂತಿರಲಿಲ್ಲ.

ಆ ಕಾಲುಚೀಲದೊಳಗೆ, ಬಲ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಒಂದು ಗಾಯವಿತ್ತು. ಸಾಂಬಾರಿನ ಬಿಸಿಯೋ ಚಪ್ಪಲಿ ತೂರಿ ಬಂದ ತಂತಿಯೋ, ಏನು ತಾಗಿತೆಂದು ಅವನಿಗೇ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಪಾದದ ಅರಿವನ್ನು ಕೊಂದಿರುತ್ತದೆ. ನೋವಿದ್ದರೆ ಮನುಷ್ಯ ಕುಂಟುತ್ತಾನೆ, ಕುಂಟಿದರೆ ಯಾರಾದರೂ ಕೇಳುತ್ತಾರೆ. ಚನಿಯ ಕುಂಟಲಿಲ್ಲ, ಗಾಯದ ಮೇಲೆಯೇ ದಿನವಿಡೀ ನಿಂತ. ರಾತ್ರಿ ಆನಂದ್ ಪರ್ಬತ್‌ನ ಬಾಡಿಗೆ ಕೋಣೆಯಲ್ಲಿ ಕಾಲುಚೀಲ ತೆಗೆಯದೆ ಮಲಗುತ್ತಿದ್ದ. ಕಾಲಿಗೆ ಚಳಿ ಎಂದು ನೀಲಾವತಿಗೆ ಹೇಳುತ್ತಿದ್ದ. ಮಾತ್ರೆಗಳನ್ನೂ ನಿಲ್ಲಿಸಿದ. ಆ ಡಬ್ಬಿ ನೋಡಿದರೆ ಆ ಚಿತ್ರ ನೆನಪಾಗುತ್ತದೆ, ಅದಕ್ಕೆ.

ಮಳೆಗಾಲದಲ್ಲಿ ಕೋಣೆಗೆ ವಾಸನೆ ಬಂತು. ಇಲಿ ಸತ್ತಿದೆ ಎಂದು ನೀಲಾವತಿ ಪೆಟ್ಟಿಗೆಗಳನ್ನೆಲ್ಲ ಸರಿಸಿ ಗುಡಿಸಿದಳು. ಹನ್ನೆರಡನೇ ಕ್ಲಾಸಿನ ಮಗಳು ಮೋನಿಷಾ ಮಾತ್ರ ಮೂಗು ಮುಚ್ಚಿಕೊಂಡು ಅಪ್ಪನ ಕಾಲ ಬಳಿ ಕೂತಳು.

“ಪಪ್ಪಾ, ದಿಖಾವೋ ನಾ. ಒಂದ್ ಸಲ ತೋರಿಸಿ” ಅಂದಳು.

“ಎಂತದ್ದೂ ಇಲ್ಲ ಮಗಾ, ನೀನು ಓದು” ಅಂದ ಅವನು.

ಜ್ವರ ಬಂದು ಕಾವಲಿಯ ಮುಂದೆಯೇ ಕುಸಿದ ದಿನ ಬೆಳಿಗ್ಗೆ ರೋಹಿತ್ ಮತ್ತು ರಾಯರು ಅವನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಕಾಲುಚೀಲವನ್ನು ನರ್ಸ್ ಕತ್ತರಿಯಿಂದ ಕತ್ತರಿಸಬೇಕಾಯಿತು. ಅದು ಗಾಯಕ್ಕೆ ಅಂಟಿತ್ತು. ಬೆರಳುಗಳು ಕಪ್ಪಾಗಿದ್ದವು, ಕೀವು ಎಲುಬಿನವರೆಗೆ ಇಳಿದಿತ್ತು, ನಂಜು ಮೈಗೆ ಏರುತ್ತಿತ್ತು. ಮರುದಿನವೇ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಸುದ್ದಿ ತಿಳಿದು ನಾನು ಹೋದಾಗ ರಾಯರು ವಾರ್ಡಿನ ಹೊರಗೆ ತಲೆಗೆ ಕೈ ಕೊಟ್ಟು ಕೂತಿದ್ದರು. ಅವನಿಗೆ ಒಂದು ಮಾತು ಹೇಳಲು ಏನಾಗಿತ್ತು, ನಾನೇ ಕರೆದುಕೊಂಡು ಹೋಗುತ್ತಿರಲಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದರು. ಮಿಂಚಿ ಹೋದುದಕ್ಕೆ ಚಿಂತಿಸಿ ಫಲವಿಲ್ಲ ಎಂದು ತಾವೇ ಹೇಳಿಕೊಂಡರು. ಗಾಜಿನ ಹಿಂದೆ ಆಗಲೇ ಇನ್ನೊಬ್ಬ ನಿಂತಿದ್ದ. ಅದು ನನಗೂ ಗೊತ್ತಿತ್ತು, ರಾಯರಿಗೂ ಗೊತ್ತಿತ್ತು, ಒಳಗೆ ಮಲಗಿದವನಿಗೂ ಗೊತ್ತಿತ್ತು.

ಪಟ್ಟಿ ಕಟ್ಟುವ ಚಿಕ್ಕ ಡಾಕ್ಟರ್ ಒಬ್ಬಳು ನನ್ನನ್ನು ಓದಿದವಳು ಎಂದು ನೋಡಿ ಗದರಿದಳು. ಮೊದಲ ವಾರಗಳಲ್ಲಿ ಬಂದಿದ್ದರೆ ಸತ್ತ ಚರ್ಮ ತೆಗೆದು, ಪಟ್ಟಿ ಕಟ್ಟಿ, ಭಾರ ಬೀಳದಂಥ ಚಪ್ಪಲಿ ಕೊಟ್ಟು, ಶುಗರ್ ಹಿಡಿತಕ್ಕೆ ತಂದು ಕಳಿಸುತ್ತಿದ್ದೆವು, ಇಂಥವು ಹೆಚ್ಚಿನವು ವಾಸಿಯಾಗುತ್ತವೆ ಎಂದಳು. ಇಷ್ಟು ಪೋಸ್ಟರ್ ಹಾಕಿದ್ದಾರೆ, ಓದುವುದಿಲ್ಲವೇ ಇವರು ಎಂದಳು. ನಾನು ವಾರ್ಡಿನೊಳಗೆ ಹೋದೆ.

ಚನಿಯ ನನ್ನನ್ನು ನೋಡಿ ಹೊದಿಕೆ ಎಳೆದುಕೊಂಡ.

“ನೀವು ಆ ಚಿತ್ರ ತೋರಿಸಿದ ದಿನ ಗಾಯ ಇಷ್ಟೇ ಇತ್ತು ಅಕ್ಕ” ಎಂದು ಉಗುರಿನ ಮೇಲೆ ಬೆರಳಿಟ್ಟು ತೋರಿಸಿದ. “ಆವತ್ತು ಸಂಜೆ ಮೆಡಿಕಲ್ ಶಾಪಿನ ಭಯ್ಯಾನಿಗೆ ತೋರಿಸ್ಬೇಕು ಅಂತ ಇದ್ದೆ. ಆ ಚಿತ್ರ ನೋಡಿದ ಮೇಲೆ ಧೈರ್ಯ ಬರ್ಲಿಲ್ಲ. ತೋರಿಸಿದ್ರೆ ಆಸ್ಪತ್ರೆಗೆ ಹೋಗು ಅಂತಾರೆ, ಆಸ್ಪತ್ರೆಗೆ ಹೋದ್ರೆ ಕಡೀತಾರೆ. ಕಡಿದ್ರೆ ಕಾವಲಿಯ ಹತ್ರ ನಿಲ್ಲೂದು ಹೇಗೆ? ನಾನು ನೋಡದಿದ್ರೆ ಅದು ಅಷ್ಟರಲ್ಲೇ ನಿಂತೀತು ಅಂತ ಅಂದ್ಕೊಂಡೆ.”

ಅವನು ಮೂರ್ಖನಲ್ಲ. ನಾವು ತೋರಿಸಿದ್ದರಲ್ಲಿ ಇವತ್ತಿನ ಬೆರಳು ಇತ್ತು, ನಾಳೆಯ ಕತ್ತರಿಸಿದ ಕಾಲು ಇತ್ತು, ನಡುವೆ ಏನೂ ಇರಲಿಲ್ಲ. ಅವನು ನಮ್ಮ ಪೋಸ್ಟರನ್ನು ಅಕ್ಷರಶಃ ನಂಬಿದ. ಅತ್ತ ದರಿ, ಇತ್ತ ಪುಲಿ ಎಂದು ಕಂಡಾಗ ಕಣ್ಣು ಮುಚ್ಚಿಕೊಂಡ. ಅವನ ಜಾಗದಲ್ಲಿ ಯಾರಿದ್ದರೂ ಬೇರೆ ಏನು ಮಾಡುತ್ತಿದ್ದರೆಂದು ನನಗೆ ತಿಳಿಯದು.

ಚಳಿಗಾಲ ಶುರುವಾದಾಗ ಓಖ್ಲಾದಲ್ಲಿ ಟ್ರಸ್ಟಿನವರ ವಾರ್ಷಿಕ ಮೀಟಿಂಗ್ ಆಯಿತು. ಈ ಸಲ ಎರಡೂ ವಿಭಾಗದವರು ಬಂದಿದ್ದರು. ಜಾಗೃತಿಯ ಮೇಡಂ ಪೋಸ್ಟರಿನ ಬಹುಮಾನದ ಫೋಟೋ ತೋರಿಸಿದರು. ಆಮೇಲೆ ಚಿಕಿತ್ಸೆಯ ವಿಭಾಗದವರು ಎದ್ದು, ಬೇಸರದಿಂದ, ಕರೋಲ್ ಬಾಗಿನಲ್ಲಿ ಪಾದ ತಪಾಸಣೆಯ ಕ್ಲಿನಿಕ್ ತೆರೆದದ್ದನ್ನು ಹೇಳಿದರು. ಕೆಲಸ ಮಾಡುವ ಜನರಿಗೆಂದೇ ಸಂಜೆ ನಾಲ್ಕರಿಂದ ಆರು. ಚೀಟಿ ಇಲ್ಲ, ಲೈನಿಲ್ಲ, ಪುಕ್ಕಟೆ. ಒಬ್ಬ ನರ್ಸ್, ಪಟ್ಟಿ ಸಾಮಾನು, ಚಪ್ಪಲಿ ಎಲ್ಲ ಇತ್ತು, ಹೊರಗೆ ಬೋರ್ಡು ಮಾತ್ರ ಇರಲಿಲ್ಲ. ಜನವೇ ಬರಲಿಲ್ಲ, ದೀಪಾವಳಿಯ ಹೊತ್ತಿಗೆ ಮುಚ್ಚಿದೆವು ಎಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಒಂದೇ ಟ್ರಸ್ಟಿನ ಎರಡು ಕೋಣೆಗಳು ಇಡೀ ವರ್ಷ ಒಂದು ಮಾತು ಆಡಿಕೊಂಡಿರಲಿಲ್ಲ.

“ಜನಕ್ಕ ಇನ್ನೂ ಹೆದರಿಕಿ ಸಾಲದು. ಈ ಸಲ ಖರೇ ಪೇಶೆಂಟನ್ನ ತೋರಸೋಣ” ಅಂದ ಹೃಷಿಕೇಶ್.

ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ಹೇಳಬೇಕಾದ್ದನ್ನೆಲ್ಲ ಹೇಳಿದೆ, ಚನಿಯನ ಹೆಸರು ಸಹಿತ. ಅವರು ಮರುಗಿದರು. ಆ ಪೇಶೆಂಟ್ ಫೋಟೋಗೆ ಒಪ್ಪುತ್ತಾನೆಯೇ ಎಂದು ಮೇಡಂ ಮೆಲ್ಲಗೆ ಕೇಳಿದರು.

ನಾನು ಕೇಳುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಅವರು ಬೇರೆ ಯಾರನ್ನೋ ಕಂಡುಕೊಂಡರು. ಹೊಸ ಪೋಸ್ಟರ್ ಈಗ ಅಚ್ಚಿನಲ್ಲಿದೆ. ಕೆಳಗೆ ಅದೇ ಸಾವಧಾನ್.

ಆ ಮೀಟಿಂಗ್ ಆದ ವಾರವೇ ಆನಂದ್ ಪರ್ಬತ್‌ಗೆ ಹೋಗಿದ್ದೆ. ಮೆಟ್ಟಿಲು ಹತ್ತಿ ಹೋಗುವ ಕೋಣೆ ಅದು, ಚನಿಯ ಆಸ್ಪತ್ರೆಯಿಂದ ಬಂದ ಮೇಲೆ ಕೆಳಗೆ ಇಳಿದಿರಲಿಲ್ಲ. ನೀಲಾವತಿ ಈಗ ಹೋಟೆಲಿನ ಹಿಂಭಾಗದಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಅವತ್ತು ರಜೆ ಹಾಕಿ ಮನೆಯಲ್ಲಿದ್ದಳು. ಕ್ಲಿನಿಕ್ಕಿನ ಮಾತು ಎತ್ತಬಾರದು ಎಂದು ನಿಶ್ಚಯಿಸಿಕೊಂಡೇ ಹೋಗಿದ್ದೆ. ಆದರೆ ರೋಹಿತ್‌ಗೂ ಶುಗರ್ ಬಂದಿದೆ, ಚನಿಯನನ್ನು ನೋಡಿದ ಮೇಲೆ ಅವನು ರಕ್ತ ಪರೀಕ್ಷೆಗೆ ಹೋಗುವುದನ್ನೇ ಬಿಟ್ಟಿದ್ದಾನೆ ಎಂದು ನೀಲಾವತಿ ಹೇಳಿದಳು.

“ಅವನಿಗಾದ್ರೂ ಹೋಗ್ಲಿಕ್ಕೆ ಒಂದು ಜಾಗ ಹೇಳಿ ಅಕ್ಕ. ಬೆಳಿಗ್ಗೆ ಹೊತ್ತು ಬೇಡ, ಸಂಜೆ ಇರುವಂಥದ್ದು” ಅಂದ ಚನಿಯ.

ಅಂಥದ್ದೊಂದು ಇತ್ತು, ಈಗ ಮುಚ್ಚಿದೆ ಎಂದು ಬಾಯಿಂದ ಬಂದೇಬಿಟ್ಟಿತು. ಬೇರೆ ಜಾಗ ಹುಡುಕಿ ಕೊಡುತ್ತೇನೆ ಎಂದೆ, ಆದರೆ ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ.

“ಯಾವಾಗ ಇತ್ತು?”

“ಬೇಸಿಗೆಯಿಂದ ದೀಪಾವಳಿವರೆಗೆ.”

“ಎಷ್ಟು ಹೊತ್ತಿಗೆ?”

“ನಾಲ್ಕರಿಂದ ಆರು.”

“ಆಗ ಕಾವಲಿ ಆರಿಸಿರ್ತದೆ” ಅಂದ. ಆಮೇಲೆ “ಎಲ್ಲಿ ಅಕ್ಕ?” ಎಂದು ಕೇಳಿದ.

ಸುಳ್ಳು ಹೇಳಬಹುದಿತ್ತು. ಎಲ್ಲೋ ದೂರದ ಲಕ್ಷ್ಮೀ ನಗರ ಎನ್ನಬಹುದಿತ್ತು. ಹೋಟೆಲಿನ ಹಿಂದಿನ ಗಲ್ಲಿ, ಹೊಲಿಗೆ ಯಂತ್ರದ ಅಂಗಡಿಯ ಮೇಲಿನ ಮಹಡಿ ಎಂದೆ.

ಅವನು ಆ ಗಲ್ಲಿಯ ದಾರಿಯನ್ನು ಹೊದಿಕೆಯ ಮೇಲೆ ಬೆರಳಿನಿಂದ ಗೆರೆ ಎಳೆದು ನೋಡಿದ. ನೀಲಾವತಿ ಒಲೆಯ ಕಡೆ ತಿರುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಡ್ಕೊಂಡೇ ಹೋಗ್ಬಹುದಿತ್ತಲ್ಲ ಅಕ್ಕ” ಅಂದ ಚನಿಯ.

ಹೌದು ಎಂದೆ.